ಚಿತ್ರದಲ್ಲಿ ಕಾಣದ ಹೈಡ್ರೋಜನ್

ಕಾಗದದ ಮೇಲೆ ಐದೇ ಐದು ಗೆರೆ. ಎಡತುದಿಯಲ್ಲಿ ಎರಡು ಗೆರೆಗಳು ಜೊತೆಜೊತೆಯಾಗಿ ಸಾಗುತ್ತವೆ, ಅಲ್ಲಿಂದ ಒಂದು ಗೆರೆ ಓರೆಯಾಗಿ ಮುಂದುವರಿದು ಕೊನೆಯಲ್ಲಿ ಎರಡಾಗಿ ಕವಲೊಡೆಯುತ್ತದೆ. ಪಕ್ಕದಲ್ಲೊಂದು ಬಾಣ, ಬಾಣದ ಮೇಲೆ HCl, ಬಾಣದಾಚೆ ಪ್ರಶ್ನಾರ್ಥಕ ಚಿಹ್ನೆ. ‘ಉತ್ಪನ್ನವನ್ನು ಊಹಿಸಿ, ಕ್ರಿಯಾವಿಧಾನವನ್ನು ಬರೆಯಿರಿ’ ಎಂದಷ್ಟೇ ಪ್ರಶ್ನೆ. ಸಾವಯವ ರಸಾಯನಶಾಸ್ತ್ರ ಓದಿದವರಲ್ಲಿ ಹೆಚ್ಚಿನವರು ಇದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಬರೆದುಬಿಡುತ್ತಾರೆ. ಆ ಉತ್ತರ ಪೂರ್ತಿ ತಪ್ಪಲ್ಲ. ಆದರೆ ಪ್ರಯೋಗಾಲಯದ ಫ್ಲಾಸ್ಕಿನಲ್ಲಿ ಹೆಚ್ಚಾಗಿ ಸಿಗುವ ವಸ್ತು ಅದಲ್ಲ.

ಈ ಬಗೆಯ ಗೆರೆಚಿತ್ರಗಳ ಒಪ್ಪಂದ ಸರಳವಾಗಿದೆ. ಗೆರೆಯ ಪ್ರತಿಯೊಂದು ತುದಿಯಲ್ಲೂ ಪ್ರತಿಯೊಂದು ತಿರುವಿನಲ್ಲೂ ಒಂದು ಕಾರ್ಬನ್ ಪರಮಾಣು ಇದೆ ಎಂದು ತಿಳಿದುಕೊಳ್ಳಬೇಕು. ಕಾರ್ಬನ್ನಿಗೆ ಅಂಟಿಕೊಂಡ ಹೈಡ್ರೋಜನ್ನುಗಳನ್ನು ಬರೆಯುವುದಿಲ್ಲ. ಕಾರ್ಬನ್ನಿಗೆ ಒಟ್ಟು ನಾಲ್ಕು ಬಂಧ ಇರಲೇಬೇಕಾದ್ದರಿಂದ, ಚಿತ್ರದಲ್ಲಿ ಕಾಣುವ ಗೆರೆಗಳನ್ನು ಎಣಿಸಿ ಉಳಿದ ಬಂಧಗಳಿಗೆ ಹೈಡ್ರೋಜನ್ ತುಂಬಿಕೊಳ್ಳುವುದು ಓದುವವರ ಕೆಲಸ. ನಮ್ಮ ಚಿತ್ರದಲ್ಲಿ ಐದು ಕಾರ್ಬನ್ ಇವೆ. ಎಡತುದಿಯ ಮೊದಲನೆಯದಕ್ಕೆ ದ್ವಿಬಂಧ ಮಾತ್ರ ಇರುವುದರಿಂದ ಅದರ ಮೇಲೆ ಎರಡು ಹೈಡ್ರೋಜನ್. ಎರಡನೆಯದರ ಮೇಲೆ ಒಂದು. ಕವಲೊಡೆಯುವ ಮೂರನೆಯದಕ್ಕೆ ಮೂರು ಗೆರೆ ಸೇರುತ್ತವೆ, ಹಾಗಾಗಿ ಅಲ್ಲೂ ಒಂದು. ಕವಲಿನ ಎರಡು ತುದಿಗಳಲ್ಲಿ ಮೂರು ಮೂರು. ಒಟ್ಟು C5H10. ಹೆಸರು 3-ಮೀಥೈಲ್-1-ಬ್ಯೂಟೀನ್.

ಮೂರನೆಯ ಕಾರ್ಬನ್ನಿನ ಮೇಲಿರುವ ಆ ಒಂಟಿ ಹೈಡ್ರೋಜನ್ನನ್ನು ಪೆನ್ಸಿಲಿನಲ್ಲಿ ಈಗಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಕಥೆಯೆಲ್ಲ ಅದರದೇ.

ಕ್ರಿಯಾವಿಧಾನ ಬರೆಯುವುದೆಂದರೆ ಬಾಗಿದ ಬಾಣಗಳನ್ನು ಎಳೆಯುವುದು. 1922ರಲ್ಲಿ ಬ್ರಿಟನ್ನಿನ ವಿಲಿಯಂ ಕರ್ಮ್ಯಾಕ್ ಮತ್ತು ರಾಬರ್ಟ್ ರಾಬಿನ್ಸನ್ ತಮ್ಮ ಲೇಖನವೊಂದರಲ್ಲಿ ಇಂಥ ಬಾಣಗಳನ್ನು ಬಳಸಿದರು, ಆಮೇಲೆ ಇಡೀ ರಸಾಯನಶಾಸ್ತ್ರವೇ ಅದನ್ನು ಕಲಿತಿತು. ನಿಯಮ ಒಂದೇ: ಬಾಣ ಎಲೆಕ್ಟ್ರಾನ್ ಜೋಡಿಯ ಪಯಣವನ್ನು ತೋರಿಸುತ್ತದೆಯೇ ಹೊರತು ಪರಮಾಣುವಿನ ಪಯಣವನ್ನಲ್ಲ. ಬಾಣದ ಬಾಲ ಎಲೆಕ್ಟ್ರಾನ್ ಇರುವಲ್ಲಿ, ಎಂದರೆ ಬಂಧದ ಮೇಲೋ ಒಂಟಿ ಜೋಡಿಯ ಮೇಲೋ ಇರಬೇಕು. ತಲೆ ಎಲೆಕ್ಟ್ರಾನ್ ಬೇಕಾಗಿರುವ ಕಡೆಗೆ ತಿರುಗಿರಬೇಕು. ಉತ್ತರಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇದರ ತಿರುಗುಮುರುಗು: H⁺ ಇಂದ ಹೊರಟ ಬಾಣ ದ್ವಿಬಂಧಕ್ಕೆ ಹೋಗಿ ಚುಚ್ಚುತ್ತದೆ. ಕೊಡಲು ಒಂದು ಎಲೆಕ್ಟ್ರಾನ್ ಕೂಡ ಇಲ್ಲದ H⁺ ಇಂದ ಬಾಣ ಹೊರಡುವುದಾದರೂ ಹೇಗೆ?

ಮೊದಲ ಹೆಜ್ಜೆಗೆ ಎರಡು ಬಾಣ ಬೇಕು. ಒಂದು ದ್ವಿಬಂಧದಿಂದ ಹೊರಟು HCl ಅಣುವಿನ ಹೈಡ್ರೋಜನ್ನಿಗೆ, ಇನ್ನೊಂದು H–Cl ಬಂಧದಿಂದ ಹೊರಟು ಕ್ಲೋರಿನ್ನಿಗೆ. ದ್ವಿಬಂಧ ಮುರಿದು ಹೈಡ್ರೋಜನ್ ಒಂದು ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ, ಎಲೆಕ್ಟ್ರಾನ್ ಕಳೆದುಕೊಂಡ ಇನ್ನೊಂದರ ಮೇಲೆ ಧನಾವೇಶ ಉಳಿಯುತ್ತದೆ. ಇದೇ ಕಾರ್ಬೋಕ್ಯಾಟಯಾನ್. ಕ್ಲೋರಿನ್ ಕ್ಲೋರೈಡ್ ಅಯಾನು ಆಗಿ ಬೇರೆಯಾಗುತ್ತದೆ. ಹೈಡ್ರೋಜನ್ ಹೋಗಿ ಸೇರುವುದು ಮೊದಲನೆಯ ಕಾರ್ಬನ್ನಿಗೋ ಎರಡನೆಯದಕ್ಕೋ? ರಷ್ಯಾದ ಕಜಾನ್‌ನಲ್ಲಿದ್ದ ವ್ಲಾದಿಮಿರ್ ಮಾರ್ಕೊವ್ನಿಕೊವ್ 1870ರ ಸುಮಾರಿಗೇ ಇದಕ್ಕೆ ನಿಯಮ ಕೊಟ್ಟಿದ್ದರು: ಹೈಡ್ರೋಜನ್ ಹೆಚ್ಚು ಇರುವ ಕಾರ್ಬನ್ನಿಗೇ ಹೈಡ್ರೋಜನ್ ಸೇರುತ್ತದೆ. ಆಗಿನ್ನೂ ಎಲೆಕ್ಟ್ರಾನ್ ಪತ್ತೆಯಾಗಿರಲಿಲ್ಲ, ಅದು 1897ರ ಮಾತು. ಅವರು ಫಲಿತಾಂಶಗಳನ್ನು ನೋಡಿ ನಿಯಮ ಕಟ್ಟಿದರು, ಕಾರಣ ಆಮೇಲೆ ಗೊತ್ತಾಯಿತು. ಧನಾವೇಶ ತುದಿಯ ಕಾರ್ಬನ್ನಿನ ಮೇಲೆ ಬಂದರೆ ಅದಕ್ಕೆ ಆಸರೆ ಕೊಡುವ ಕಾರ್ಬನ್ ಒಂದೇ. ಎರಡನೆಯದರ ಮೇಲೆ ಬಂದರೆ ಅಕ್ಕಪಕ್ಕ ಎರಡು ಕಾರ್ಬನ್ ಇರುತ್ತವೆ. ಅವುಗಳ C–H ಬಂಧಗಳಲ್ಲಿರುವ ಎಲೆಕ್ಟ್ರಾನ್‌ಗಳು ಖಾಲಿ ಜಾಗದ ಕಡೆಗೆ ತುಸು ವಾಲಿ ಅಯಾನನ್ನು ಸಂತೈಸುತ್ತವೆ. ಆದ್ದರಿಂದ ಧನಾವೇಶ ಎರಡನೆಯ ಕಾರ್ಬನ್ನಿನ ಮೇಲೆಯೇ ನಿಲ್ಲುತ್ತದೆ.

ಅವಸರದ ಉತ್ತರ ಮುಗಿಯುವುದು ಇಲ್ಲಿ. ಕ್ಲೋರೈಡನ್ನು ಎರಡನೆಯ ಕಾರ್ಬನ್ನಿಗೆ ಅಂಟಿಸಿ, 2-ಕ್ಲೋರೋ-3-ಮೀಥೈಲ್‌ಬ್ಯೂಟೇನ್ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಈ ಪ್ರಯೋಗವನ್ನು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡಿದಾಗ ಆ ವಸ್ತು ಸಿಕ್ಕಿದ್ದು ನೂರರಲ್ಲಿ ಸುಮಾರು ನಲವತ್ತು ಪಾಲು ಮಾತ್ರ. ಉಳಿದ ಅರವತ್ತು ಪಾಲು ಬೇರೆಯದೇ ವಸ್ತು, 2-ಕ್ಲೋರೋ-2-ಮೀಥೈಲ್‌ಬ್ಯೂಟೇನ್. ಕ್ಲೋರಿನ್ ಕೂತಿರುವುದು ಮೂಲದಲ್ಲಿ ದ್ವಿಬಂಧವೇ ಇರದಿದ್ದ ಕಾರ್ಬನ್ನಿನ ಮೇಲೆ! 1930ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಫ್ರಾಂಕ್ ವಿಟ್ಮೋರ್ ಇಂಥ ವಿಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, ನಡುವೆ ಹುಟ್ಟುವ ಧನ ಅಯಾನು ತನ್ನನ್ನು ತಾನೇ ಮರುಜೋಡಿಸಿಕೊಳ್ಳುತ್ತದೆ ಎಂದು ವಾದಿಸಿದರು. ಕ್ಷಣಮಾತ್ರ ಬದುಕುವ ಅಯಾನಿನ ಮಾತನ್ನು ಎಲ್ಲರೂ ತಕ್ಷಣ ಒಪ್ಪಿಕೊಳ್ಳಲಿಲ್ಲ. 1960ರ ದಶಕದಲ್ಲಿ ಜಾರ್ಜ್ ಓಲಾ ಅತಿಪ್ರಬಲ ಆಮ್ಲಗಳಲ್ಲಿ ಈ ಅಯಾನುಗಳನ್ನು ಬದುಕಿಸಿ ಉಪಕರಣದಲ್ಲಿ ತೋರಿಸಿಯೇಬಿಟ್ಟರು. ಅವರಿಗೆ 1994ರಲ್ಲಿ ನೊಬೆಲ್ ಬಂತು.

ಮರುಜೋಡಣೆ ನಡೆಯುವುದು ಹೀಗೆ. ಎರಡನೆಯ ಕಾರ್ಬನ್ನಿನ ಮೇಲೆ ಧನಾವೇಶ ಕೂತಾಗ ಅದರ ನೆರೆಯವರನ್ನು ನೋಡಬೇಕು. ಎಡಕ್ಕಿರುವ ಮೊದಲನೆಯ ಕಾರ್ಬನ್ ಈಗ ಮೀಥೈಲ್ ಗುಂಪು. ಅಲ್ಲಿಂದ ಹೈಡ್ರೋಜನ್ ಸರಿದರೆ ಧನಾವೇಶ ತುದಿಗೆ ಹೋಗುತ್ತದೆ, ಅದು ನಷ್ಟದ ವ್ಯಾಪಾರ. ಬಲಕ್ಕಿರುವ ಮೂರನೆಯದರಿಂದ ಮೀಥೈಲ್ ಸರಿದರೆ ಇನ್ನೊಂದು ದ್ವಿತೀಯಕ ಅಯಾನೇ ಸಿಗುತ್ತದೆ, ಲಾಭವೇನೂ ಇಲ್ಲ. ಆದರೆ ಅದೇ ಮೂರನೆಯದರ ಮೇಲಿರುವ, ಚಿತ್ರದಲ್ಲಿ ಯಾರೂ ಬರೆಯದ ಆ ಹೈಡ್ರೋಜನ್ ತನ್ನ ಬಂಧದ ಎರಡೂ ಎಲೆಕ್ಟ್ರಾನ್‌ಗಳೊಡನೆ ಪಕ್ಕಕ್ಕೆ ಸರಿದರೆ, ಧನಾವೇಶ ಮೂರು ಕಾರ್ಬನ್‌ಗಳ ನಡುವಿನ ಜಾಗಕ್ಕೆ ಬರುತ್ತದೆ. ಮೊದಲಿನ ಅಯಾನಿಗೆ ಆಸರೆಯಾಗಿದ್ದ ನೆರೆಯ C–H ಬಂಧಗಳು ನಾಲ್ಕು, ಈಗ ಎಂಟು. ತೃತೀಯಕ ಕಾರ್ಬೋಕ್ಯಾಟಯಾನ್ ಹೆಚ್ಚು ಸ್ಥಿರ ಎಂದು ಪುಸ್ತಕಗಳು ಹೇಳುವುದರ ಹಿಂದಿನ ಲೆಕ್ಕ ಇದು.

ಈ ಹೆಜ್ಜೆಗೆ ಹೈಡ್ರೈಡ್ ಪಲ್ಲಟ ಎನ್ನುತ್ತಾರೆ. ಬರೆಯುವಾಗ ಒಂದೇ ಬಾಣ ಸಾಕು: ಬಾಲ ಮೂರನೆಯ ಕಾರ್ಬನ್ನಿನ C–H ಬಂಧದ ನಡುವೆ, ತಲೆ ಧನಾವೇಶವಿರುವ ಎರಡನೆಯ ಕಾರ್ಬನ್ನಿನ ಮೇಲೆ. ಅದಕ್ಕಾಗಿ ಆ ಹೈಡ್ರೋಜನ್ನನ್ನು ಚಿತ್ರದಲ್ಲಿ ಕೈಯಾರೆ ಬರೆಯಲೇಬೇಕು, ಇಲ್ಲವಾದರೆ ಬಾಣ ಹೊರಡಲು ಜಾಗವೇ ಇಲ್ಲ. ಕೆಲವರು ಧನಚಿಹ್ನೆಯಿಂದಲೇ ಬಾಣ ಎಳೆದು ಅದನ್ನು ಪಕ್ಕಕ್ಕೆ ದೂಡುತ್ತಾರೆ. ಧನಾವೇಶ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಎಲೆಕ್ಟ್ರಾನ್ ಎದ್ದುಹೋದ ಕಡೆ ಅದು ಉಳಿಯುತ್ತದೆ ಅಷ್ಟೆ. ಕೊನೆಯ ಬಾಣ ಕ್ಲೋರೈಡಿನ ಒಂಟಿ ಜೋಡಿಯಿಂದ ಮೂರನೆಯ ಕಾರ್ಬನ್ನಿಗೆ. ಇಲ್ಲಿಯವರೆಗೂ ಮೂಲ ಚಿತ್ರದ ಸಂಖ್ಯೆಗಳನ್ನೇ ಉಳಿಸಿಕೊಂಡಿರಬೇಕು. ಉತ್ಪನ್ನಕ್ಕೆ ಹೆಸರಿಡುವಾಗ ಎಣಿಕೆ ಇನ್ನೊಂದು ತುದಿಯಿಂದ ಶುರುವಾಗುತ್ತದೆ, ನಮ್ಮ ಮೂರನೆಯ ಕಾರ್ಬನ್ ಅಲ್ಲಿ ಎರಡನೆಯದಾಗುತ್ತದೆ. ನಡುವೆ ಎಣಿಕೆ ಬದಲಿಸಿದವರು ದಾರಿ ತಪ್ಪುತ್ತಾರೆ.

ಹಾಗಾದರೆ ನೂರಕ್ಕೆ ನೂರು ಪಾಲೂ ಮರುಜೋಡಣೆಯಾದ ವಸ್ತುವೇ ಏಕೆ ಸಿಗುವುದಿಲ್ಲ? ಕ್ಲೋರೈಡ್ ಕಾಯುತ್ತ ಕೂರುವುದಿಲ್ಲ. ಕೆಲವು ಅಯಾನುಗಳನ್ನು ಹೈಡ್ರೋಜನ್ ಸರಿಯುವ ಮೊದಲೇ ಅದು ಹಿಡಿದುಬಿಡುತ್ತದೆ. ಇದು ಎರಡು ವೇಗಗಳ ಪೈಪೋಟಿ, ಹಾಗಾಗಿ ಮಿಶ್ರಣ.

ಉತ್ತರ ಸರಿಯೇ ಎಂದು ನೋಡಿಕೊಳ್ಳಲು ಅಣುಸೂತ್ರ ಎಣಿಸಿದರೆ ಇಲ್ಲಿ ಉಪಯೋಗವಿಲ್ಲ, ಎರಡೂ ಉತ್ಪನ್ನಗಳು C5H11Cl. ಪ್ರತಿ ಹೆಜ್ಜೆಯ ಎರಡು ಬದಿಯಲ್ಲೂ ಒಟ್ಟು ಆವೇಶ ಒಂದೇ ಇದೆಯೇ, ಯಾವ ಕಾರ್ಬನ್ನಿಗಾದರೂ ಐದು ಬಂಧ ಬಿದ್ದಿದೆಯೇ ಎಂದು ನೋಡುವುದು ಹೆಚ್ಚು ಪ್ರಯೋಜನಕರ. ಪ್ರಯೋಗಾಲಯದಲ್ಲಿ ಶುದ್ಧ ವಸ್ತುಗಳನ್ನು ಬೇರೆ ಬೇರೆ ನಳಿಕೆಗಳಲ್ಲಿ ಇಟ್ಟು ಆಲ್ಕೋಹಾಲಿನಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟ್ ಹಾಕಿದರೆ, ತೃತೀಯಕ ಕ್ಲೋರೈಡ್ ಬೇಗನೆ ಬಿಳಿ ಗಷ್ಟು ಕೊಡುತ್ತದೆ, ದ್ವಿತೀಯಕ ತಡ ಮಾಡುತ್ತದೆ. ಮಿಶ್ರಣದಲ್ಲಿ ಯಾವುದು ಎಷ್ಟಿದೆ ಎಂದು ತಿಳಿಯಲು ಮಾತ್ರ ಎನ್‌ಎಂಆರ್ ಉಪಕರಣ ಬೇಕು.

ಇನ್ನೊಂದು ವಿಷಯ. ಬಾಣದ ಮೇಲೆ ಏನು ಬರೆದಿದೆ ಎನ್ನುವುದನ್ನು ಓದದೆ ಹೈಡ್ರೋಜನ್ನನ್ನು ಸರಿಸಲು ಹೊರಡಬಾರದು. ಅದೇ ಐದು ಗೆರೆಗಳ ಪಕ್ಕ HBr ಜೊತೆಗೆ ಪೆರಾಕ್ಸೈಡ್ ಎಂದಿದ್ದರೆ ಆಟವೇ ಬೇರೆ. 1933ರಲ್ಲಿ ಷಿಕಾಗೋದ ಮಾರಿಸ್ ಖರಾಷ್ ಮತ್ತು ಫ್ರಾಂಕ್ ಮೇಯೊ ತೋರಿಸಿದ ಹಾಗೆ, ಆಗ ಬ್ರೋಮಿನ್ ತುದಿಯ ಕಾರ್ಬನ್ನಿಗೇ ಹೋಗುತ್ತದೆ. ಅಲ್ಲಿ ನಡುವೆ ಬರುವುದು ಧನ ಅಯಾನಲ್ಲ, ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ರ‍್ಯಾಡಿಕಲ್. ಬಾಣಗಳೂ ಅರ್ಧ ತಲೆಯವು, ಒಂದೊಂದೇ ಎಲೆಕ್ಟ್ರಾನ್ ತೋರಿಸುವಂಥವು. HCl ಜೊತೆ ಈ ಪೆರಾಕ್ಸೈಡ್ ಪರಿಣಾಮ ನಡೆಯುವುದಿಲ್ಲ. ಬೋರೇನ್ ಎಂದಿದ್ದು, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕ್ಷಾರ ಎಂದಿದ್ದರೂ ಪಲ್ಲಟವಿಲ್ಲ, ಏಕೆಂದರೆ ಕಾರ್ಬೋಕ್ಯಾಟಯಾನ್ ಹುಟ್ಟುವುದೇ ಇಲ್ಲ.

ಕರ್ನಾಟಕದ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿ ಪುಸ್ತಕದ ಆಲ್ಕೋಹಾಲ್ ಪಾಠದಲ್ಲಿ ಇದೇ ಅಯಾನು ವೇಷ ಬದಲಿಸಿ ಬರುತ್ತದೆ. ಅಲ್ಲಿ 3-ಮೀಥೈಲ್‌ಬ್ಯೂಟೇನ್-2-ಆಲ್ ಜೊತೆ HBr ವರ್ತಿಸಿದರೆ 2-ಬ್ರೋಮೋ-2-ಮೀಥೈಲ್‌ಬ್ಯೂಟೇನ್ ಏಕೆ ಬರುತ್ತದೆ ಎಂದು ಕೇಳಿದ್ದಾರೆ. ನೀರು ಕಳಚಿಕೊಂಡ ಮೇಲೆ ಉಳಿಯುವುದು ಈಗ ನೋಡಿದ ದ್ವಿತೀಯಕ ಕಾರ್ಬೋಕ್ಯಾಟಯಾನೇ, ಸರಿಯುವುದೂ ಅದೇ ಹೈಡ್ರೋಜನ್. ಅದನ್ನು ಬಿಡಿಸಿದ ಮೇಲೆ 3,3-ಡೈಮೀಥೈಲ್-1-ಬ್ಯೂಟೀನ್ ಮತ್ತು HCl ಕೈಗೆತ್ತಿಕೊಳ್ಳಿ. ಅದರ ಮೂರನೆಯ ಕಾರ್ಬನ್ನಿನ ಮೇಲೆ ಹೈಡ್ರೋಜನ್ನೇ ಇಲ್ಲ. ಅಲ್ಲಿ ಸರಿಯುವುದು ಒಂದು ಇಡೀ ಮೀಥೈಲ್ ಗುಂಪು, ಮರುಜೋಡಣೆಯಾದ ಉತ್ಪನ್ನದ ಹೆಸರು 2-ಕ್ಲೋರೋ-2,3-ಡೈಮೀಥೈಲ್‌ಬ್ಯೂಟೇನ್.