‘ಮೊದಲೇ ಇದ್ದ ಕಾಯಿಲೆ’ ಎಂಬ ನೆಪ: ಆರೋಗ್ಯ ವಿಮೆ ಕ್ಲೇಮ್ ತಿರಸ್ಕಾರವಾದಾಗ

ಆರೋಗ್ಯ ವಿಮೆಯ ಕ್ಲೇಮ್ ತಿರಸ್ಕರಿಸುವಾಗ ಕಂಪನಿಗಳು ಮತ್ತೆ ಮತ್ತೆ ಕೊಡುವ ಕಾರಣ, ಪಾಲಿಸಿ ಕೊಳ್ಳುವಾಗ ಗ್ರಾಹಕರು ಹಳೆಯ ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆ ಎಂಬುದು. ಕೆಲವು ಸಲ ಈ ಮಾತು ನಿಜವೇ ಆಗಿರುತ್ತದೆ. ಎಷ್ಟೋ ಸಲ ಅದಕ್ಕಿರುವ ಆಧಾರ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಯಾರೋ ಗೀಚಿದ ಒಂದೇ ಒಂದು ಸಾಲು. ಅಂಥ ತಿರಸ್ಕಾರವನ್ನು ಪ್ರಶ್ನಿಸಲು ಮೂರು ಮೆಟ್ಟಿಲುಗಳಿವೆ: ಕಂಪನಿಯ ಒಳಗಿನ ದೂರು ವಿಭಾಗ, ವಿಮಾ ಒಂಬುಡ್ಸ್‌ಮನ್, ಗ್ರಾಹಕರ ಆಯೋಗ.

ಕ್ಯಾಶ್‌ಲೆಸ್ ಸೌಲಭ್ಯ ನಿರಾಕರಣೆ ಬೇರೆ, ಕ್ಲೇಮ್ ತಿರಸ್ಕಾರ ಬೇರೆ. ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ‘ಅಪ್ರೂವಲ್ ಸಿಗಲಿಲ್ಲ’ ಎಂದ ಮಾತ್ರಕ್ಕೆ ಹಣ ಬರುವುದೇ ಇಲ್ಲ ಎಂದಲ್ಲ. ಬಿಲ್ಲನ್ನು ಕೈಯಿಂದ ಕಟ್ಟಿ, ಮೂಲ ದಾಖಲೆಗಳೊಂದಿಗೆ ಮರುಪಾವತಿ ಕೇಳುವ ಹಕ್ಕು ಹಾಗೇ ಉಳಿದಿರುತ್ತದೆ. ಈ ವ್ಯತ್ಯಾಸ ತಿಳಿಯದೆ ಅಲ್ಲಿಗೇ ಕೈಬಿಡುವವರು ಬಹಳ.

ಒಂದು ಕಾಲ್ಪನಿಕ ಪ್ರಕರಣದಿಂದ ವಿಷಯ ಸ್ಪಷ್ಟವಾಗುತ್ತದೆ. ಶಿವಮೊಗ್ಗದ 46 ವರ್ಷದ ಮಹಿಳೆಯೊಬ್ಬರು 2024ರ ಜುಲೈನಲ್ಲಿ 5 ಲಕ್ಷ ರೂಪಾಯಿಯ ಪಾಲಿಸಿ ಕೊಂಡರು, ಮರುವರ್ಷ ನವೀಕರಿಸಿದರು. 2025ರ ಆಗಸ್ಟ್‌ನಲ್ಲಿ ಹೊಟ್ಟೆನೋವು ಬಂದು ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಬಿಲ್ 1 ಲಕ್ಷ 20 ಸಾವಿರ. ಕ್ಲೇಮ್ ತಿರಸ್ಕಾರವಾಯಿತು. ರೋಗಿಗೆ 8 ವರ್ಷದಿಂದ ಬಿಪಿ ಇದೆ ಎಂದು ಕೇಸ್ ಶೀಟಿನಲ್ಲಿದೆ, ಅರ್ಜಿಯಲ್ಲಿ ಅದನ್ನು ತಿಳಿಸಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ವಾಸ್ತವದಲ್ಲಿ ಅವರಿಗೆ ಬಿಪಿ ಪತ್ತೆಯಾಗಿದ್ದು 2024ರ ಡಿಸೆಂಬರ್‌ನಲ್ಲಿ, ಅಂದರೆ ಎಂಟು ತಿಂಗಳ ಹಿಂದೆ. ನೋವಿನಲ್ಲಿದ್ದ ರೋಗಿಯ ಬದಲು ಜೊತೆಗೆ ಬಂದವರು ಹೇಳಿದ್ದನ್ನು ರಾತ್ರಿ ಪಾಳಿಯ ವೈದ್ಯರು ಬರೆದುಕೊಳ್ಳುವಾಗ ‘ತಿಂಗಳು’ ‘ವರ್ಷ’ವಾಗಿತ್ತು.

ಇಲ್ಲಿ ಮೊದಲು ಓದಬೇಕಾದದ್ದು ತಿರಸ್ಕಾರ ಪತ್ರವನ್ನು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ 29ರಂದು ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ, ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ಪಾಲಿಸಿಯ ಯಾವ ಷರತ್ತಿನಡಿ ತಿರಸ್ಕರಿಸಲಾಗಿದೆ ಎಂಬುದನ್ನೂ ಪತ್ರದಲ್ಲಿ ಹೇಳಬೇಕು. ‘ಪಾಲಿಸಿ ನಿಯಮಗಳಂತೆ ಸಾಧ್ಯವಿಲ್ಲ’ ಎಂಬ ಹಾರಿಕೆಯ ಮಾತು ಸಾಲದು. ಪತ್ರದಲ್ಲಿ ಬರೆದ ಕಾರಣ ಕಂಪನಿಯನ್ನೂ ಕಟ್ಟಿಹಾಕುತ್ತದೆ. ಅದರಲ್ಲಿ ಹೇಳದ ಹೊಸ ಕಾರಣವನ್ನು ಮುಂದೆ ವಿಚಾರಣೆಯಲ್ಲಿ ಎತ್ತುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ತೀರ್ಪುಗಳಲ್ಲಿ ಹೇಳಿದೆ. ಆದ್ದರಿಂದ ಉತ್ತರ ಆ ಒಂದು ಕಾರಣಕ್ಕೆ ನೇರವಾಗಿರಬೇಕು. ಪ್ರೀಮಿಯಂ ತಪ್ಪದೆ ಕಟ್ಟಿದ್ದು, ಕುಟುಂಬದ ಕಷ್ಟ ಇವೆಲ್ಲ ನಿಜವಾದರೂ ವಾದಕ್ಕೆ ಬಲ ಕೊಡುವುದಿಲ್ಲ.

ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದು ಆರೋಪಿಸುವ ಕಂಪನಿಯೇ ಅದನ್ನು ಸಾಬೀತುಪಡಿಸಬೇಕು. ಪಾಲಿಸಿಗೆ ಮುಂಚಿನ ಚಿಕಿತ್ಸೆಯ ಚೀಟಿಯೋ ಲ್ಯಾಬ್ ವರದಿಯೋ ಇಲ್ಲದೆ, ಕೇಸ್ ಶೀಟಿನ ಸಾಲೊಂದನ್ನೇ ಹಿಡಿದು ಬಂದ ಕಂಪನಿಗಳ ವಾದವನ್ನು ಗ್ರಾಹಕರ ಆಯೋಗಗಳು ಅನೇಕ ಪ್ರಕರಣಗಳಲ್ಲಿ ತಳ್ಳಿಹಾಕಿವೆ. ಹಾಗೆಂದು ಕೈಕಟ್ಟಿ ಕೂರುವುದು ಜಾಣತನವಲ್ಲ. ಶಿವಮೊಗ್ಗದ ಮಹಿಳೆ ಮಾಡಬೇಕಾದದ್ದು ಮೂರು ಕಾಗದಗಳನ್ನು ಕೂಡಿಸುವುದು. ಒಂದು, ಬಿಪಿ ಮಾತ್ರೆ ಮೊದಲು ಬರೆದುಕೊಟ್ಟ ವೈದ್ಯರ ಡಿಸೆಂಬರ್ ತಿಂಗಳ ಚೀಟಿ. ಎರಡು, ಪಾಲಿಸಿಗೆ ಮುಂಚೆ ಬಿಪಿ ಸರಿಯಾಗಿತ್ತು ಎಂದು ತೋರಿಸುವ ಯಾವುದಾದರೂ ದಾಖಲೆ; ಕಚೇರಿಯ ಆರೋಗ್ಯ ತಪಾಸಣೆಯ ವರದಿಯೂ ಆದೀತು. ಮೂರು, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ, ಕೇಸ್ ಶೀಟಿನ ಅವಧಿ ತಪ್ಪಾಗಿ ದಾಖಲಾಗಿದೆ ಎಂಬ ಪತ್ರ. ಈ ಮೂರನೆಯದನ್ನು ಬೇಗ ಪಡೆಯಬೇಕು, ಏಕೆಂದರೆ ದಿನ ಕಳೆದಂತೆ ಆಸ್ಪತ್ರೆಗಳು ದಾಖಲೆ ತಿದ್ದಲು ಹಿಂಜರಿಯುತ್ತವೆ. ಕೇಸ್ ಶೀಟಿನ ಪೂರ್ಣ ಪ್ರತಿಯನ್ನೂ ಕೇಳಿ ಪಡೆಯಬೇಕು. ಡಿಸ್ಚಾರ್ಜ್ ಸಮ್ಮರಿಯೊಂದೇ ಸಾಲದು.

ಇದರ ಜೊತೆಗೆ ಇನ್ನೊಂದು ವಾದವೂ ಇದೆ: ಅಪೆಂಡಿಕ್ಸ್ ಊತಕ್ಕೂ ಬಿಪಿಗೂ ಸಂಬಂಧವಿಲ್ಲ. ಇದು ಪ್ರಯೋಜನಕಾರಿ ವಾದ, ಆದರೆ ಇದೊಂದನ್ನೇ ನಂಬಿ ಹೋಗಬಾರದು. ಪಾಲಿಸಿ ಕೊಡಬೇಕೇ, ಎಷ್ಟು ಪ್ರೀಮಿಯಂ ಹಾಕಬೇಕು ಎಂದು ನಿರ್ಧರಿಸಲು ಬೇಕಾದ ಮಾಹಿತಿಯನ್ನು ಗೊತ್ತಿದ್ದೂ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ, ಮಧುಮೇಹ ಮತ್ತು ಮೂತ್ರಪಿಂಡದ ತೊಂದರೆಯನ್ನು ತಿಳಿಸದ ಪ್ರಕರಣವೊಂದರಲ್ಲಿ, ಕಂಪನಿಯ ಪರ ತೀರ್ಪಿತ್ತಿತು. 2021ರ ಡಿಸೆಂಬರ್‌ನ ಪ್ರಕರಣ ಇದಕ್ಕೆ ವ್ಯತಿರಿಕ್ತ. ಅಲ್ಲಿ ಗ್ರಾಹಕರು ಮಧುಮೇಹವನ್ನು ಅರ್ಜಿಯಲ್ಲೇ ತಿಳಿಸಿದ್ದರು, ಅದನ್ನು ನೋಡಿಯೇ ಕಂಪನಿ ವಿದೇಶ ಪ್ರವಾಸದ ಪಾಲಿಸಿ ಕೊಟ್ಟಿತ್ತು. ಅಮೆರಿಕದಲ್ಲಿ ಹೃದಯಾಘಾತವಾದಾಗ ಹಣ ನಿರಾಕರಿಸಿತು. ಗೊತ್ತಿದ್ದೂ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯನ್ನು ಮುಂದೊಡ್ಡಿ ತಿರಸ್ಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ಪಾಲಿಸಿ ಎಷ್ಟು ಹಳೆಯದು ಎಂಬುದೂ ಮುಖ್ಯ. ಸತತ 60 ತಿಂಗಳು ಪಾಲಿಸಿ ನಡೆದಿದ್ದರೆ, ವಂಚನೆಯನ್ನು ಸಾಬೀತುಪಡಿಸದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣ ನೀಡಿ ಕ್ಲೇಮ್ ನಿರಾಕರಿಸುವಂತಿಲ್ಲ. 2024ಕ್ಕೆ ಮುಂಚೆ ಈ ಅವಧಿ ಎಂಟು ವರ್ಷವಿತ್ತು. ನಮ್ಮ ಉದಾಹರಣೆಯ ಪಾಲಿಸಿಗೆ ಇನ್ನೂ ಎರಡು ವರ್ಷವೂ ತುಂಬಿಲ್ಲವಾದ್ದರಿಂದ ಈ ರಕ್ಷಣೆ ಅಲ್ಲಿ ಸಿಗದು, ದಾಖಲೆಗಳೇ ಗತಿ.

ದಾಖಲೆ ಕೈಗೆ ಬಂದ ಮೇಲೆ ಮೊದಲ ಮೆಟ್ಟಿಲು ಕಂಪನಿಯ ದೂರು ನಿವಾರಣಾ ಅಧಿಕಾರಿ. ಏಜೆಂಟರಿಗೋ ಟಿಪಿಎಗೋ ಫೋನ್ ಮಾಡಿದ್ದು ದೂರು ಎನಿಸುವುದಿಲ್ಲ. ಬರಹದಲ್ಲಿ ಕಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಐಆರ್‌ಡಿಎಐಯ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಆದರೆ ಪ್ರಾಧಿಕಾರ ಅದನ್ನು ಕಂಪನಿಗೆ ಕಳಿಸಿ ಉತ್ತರ ಕೊಡಿಸುತ್ತದೆಯೇ ಹೊರತು ಕ್ಲೇಮಿನ ತೀರ್ಪು ತಾನೇ ಕೊಡುವುದಿಲ್ಲ.

ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಇಲ್ಲಿ ಕೇಳಲಾಗುತ್ತದೆ. ಕಂಪನಿಯ ನಿರಾಕರಣೆಯ ನಂತರ ಒಂದು ವರ್ಷದೊಳಗೆ ದೂರು ಕೊಡಬೇಕು. ತೀರ್ಪು ಕಂಪನಿಯನ್ನು ಬದ್ಧಗೊಳಿಸುತ್ತದೆ, 30 ದಿನದೊಳಗೆ ಅದನ್ನು ಪಾಲಿಸಬೇಕು. ಗ್ರಾಹಕರಿಗೆ ತೀರ್ಪು ಒಪ್ಪಿಗೆಯಾಗದಿದ್ದರೆ ಮುಂದಿನ ದಾರಿ ಮುಚ್ಚಿರುವುದಿಲ್ಲ. ಒಂದು ತೊಡಕೆಂದರೆ, ಒಂಬುಡ್ಸ್‌ಮನ್ ಕೊಡಿಸುವುದು ನಿಜವಾದ ನಷ್ಟವನ್ನು ಮಾತ್ರ. ಮಾನಸಿಕ ಹಿಂಸೆಗೆ ಪರಿಹಾರ ಇಲ್ಲಿ ಸಿಗುವುದಿಲ್ಲ.

ಅದು ಬೇಕೆಂದರೆ ಗ್ರಾಹಕರ ಆಯೋಗವೇ ಸರಿ. ಆಯೋಗದಲ್ಲಿ ಪ್ರಕರಣ ನಡೆಯುತ್ತಿರುವಾಗ ಒಂಬುಡ್ಸ್‌ಮನ್ ಅದೇ ದೂರನ್ನು ಸ್ವೀಕರಿಸುವುದಿಲ್ಲ, ಹಾಗಾಗಿ ಯಾವುದು ಮೊದಲು ಎಂದು ಯೋಚಿಸಿ ಹೆಜ್ಜೆ ಇಡಬೇಕು. ಒಂದು ಲಕ್ಷದ ಬಿಲ್ಲಿಗೆ, ದಾಖಲೆ ಸ್ಪಷ್ಟವಿದ್ದರೆ, ಒಂಬುಡ್ಸ್‌ಮನ್ ದಾರಿಯೇ ಹಗುರ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಪ್ರಕರಣ ಹೂಡಬಹುದು. ಶಿವಮೊಗ್ಗದವರು ಕಂಪನಿಯ ಕಚೇರಿಯಿರುವ ಮುಂಬೈಗೋ ಚೆನ್ನೈಗೋ ಅಲೆಯಬೇಕಿಲ್ಲ. ಆಯೋಗದ ವ್ಯಾಪ್ತಿಯನ್ನು ಅಳೆಯುವುದು ಕೇಳುವ ಹಣದಿಂದಲ್ಲ, ಕಟ್ಟಿದ ಪ್ರೀಮಿಯಂನಿಂದ. ಅದು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ದೂರಿನ ಗಡುವು ಎರಡು ವರ್ಷ. ಒಂಬುಡ್ಸ್‌ಮನ್ ಬಳಿ ಕಾಯುವಾಗಲೂ ಈ ಗಡುವಿನ ಮೇಲೆ ಕಣ್ಣಿಟ್ಟಿರಬೇಕು. ಬಿಲ್ಲಿನ ಹಣ, ಅದರ ಬಡ್ಡಿ, ಮಾನಸಿಕ ಹಿಂಸೆಗೆ ಪರಿಹಾರ, ಪ್ರಕರಣದ ಖರ್ಚು, ಇವಷ್ಟನ್ನೂ ದೂರಿನಲ್ಲೇ ಬಿಡಿಬಿಡಿಯಾಗಿ ಕೇಳಬೇಕು. ಆದೇಶವಾದ ಮೇಲೂ ಕಂಪನಿ ಹಣ ಕೊಡದಿದ್ದರೆ ಜಾರಿ ಅರ್ಜಿ ಹಾಕಬಹುದು. ಆದೇಶ ಪಾಲಿಸದವರಿಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ ಅಥವಾ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ವಿಧಿಸುವ ಅಧಿಕಾರ ಆಯೋಗಕ್ಕಿದೆ.