ಒಂದು ಕಾಮಾ ಎಷ್ಟು ಪುಸ್ತಕ ಮಾರೀತು?

ಒಂದು ಹಳೆಯ ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಕಪಾಟುಗಳಲ್ಲಿ 3,000 ಪುಸ್ತಕಗಳಿವೆ, ಅವುಗಳಲ್ಲಿ 200ಕ್ಕೆ ಗೆದ್ದಲು ಹಿಡಿದಿದೆ. ಆ 200ನ್ನು ಮಾರಿಬಿಡಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿ ಇಂಗ್ಲಿಷಿನಲ್ಲಿ ಒಂದು ಸೂಚನೆ ಬರೆಸುತ್ತದೆ: "ದಿ ಬುಕ್ಸ್ ದ್ಯಾಟ್ ಆರ್ ಡ್ಯಾಮೇಜ್ಡ್ ವಿಲ್ ಬಿ ಸೋಲ್ಡ್." ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಟೈಪ್ ಮಾಡುವವರಿಗೆ 'ವಿಚ್' ಎಂದರೆ ಇನ್ನಷ್ಟು ಗಂಭೀರವಾಗಿ ಕೇಳೀತೆಂದು ಅನ್ನಿಸುತ್ತದೆ. ಜೊತೆಗೆ ಎರಡು ಅಲ್ಪವಿರಾಮಗಳನ್ನೂ ಹಾಕುತ್ತಾರೆ: "ದಿ ಬುಕ್ಸ್, ವಿಚ್ ಆರ್ ಡ್ಯಾಮೇಜ್ಡ್, ವಿಲ್ ಬಿ ಸೋಲ್ಡ್." ಈಗ ಆ ಸೂಚನೆಯ ಪ್ರಕಾರ 3,000 ಪುಸ್ತಕಗಳಿಗೂ ಗೆದ್ದಲು ಹಿಡಿದಿದೆ, 3,000 ಪುಸ್ತಕಗಳೂ ಮಾರಾಟಕ್ಕಿವೆ.

ಮೊದಲ ವಾಕ್ಯದಲ್ಲಿ 'ದ್ಯಾಟ್ ಆರ್ ಡ್ಯಾಮೇಜ್ಡ್' ಎಂಬ ತುಂಡು ಆರಿಸುವ ಕೆಲಸ ಮಾಡುತ್ತದೆ. ಕಪಾಟಿನ ಮುಂದೆ ನಿಂತು ಇದು ಬೇಕು, ಇದು ಬೇಡ ಎಂದು ಬೇರ್ಪಡಿಸುತ್ತದೆ. ಎರಡನೆಯ ವಾಕ್ಯದಲ್ಲಿ ಕಾಮಾಗಳ ನಡುವೆ ಇರುವ ತುಂಡು ಯಾವುದನ್ನೂ ಆರಿಸುವುದಿಲ್ಲ. ಯಾವ ಪುಸ್ತಕಗಳ ಮಾತು ಎಂಬುದು ಅಷ್ಟರಲ್ಲಾಗಲೇ ಇತ್ಯರ್ಥವಾಗಿದೆ. ಅವುಗಳ ಬಗ್ಗೆ ಇನ್ನೊಂದು ವಿಷಯವನ್ನು ಅದು ಹೇಳಿ ಮುಗಿಸುತ್ತದೆ. ಇಂಗ್ಲಿಷ್ ವ್ಯಾಕರಣದಲ್ಲಿ ಮೊದಲನೆಯದನ್ನು ರಿಸ್ಟ್ರಿಕ್ಟಿವ್ ಎಂದೂ ಎರಡನೆಯದನ್ನು ನಾನ್-ರಿಸ್ಟ್ರಿಕ್ಟಿವ್ ಎಂದೂ ಕರೆಯುತ್ತಾರೆ. ನಾವಿಲ್ಲಿ ಆರಿಸುವ ಉಪವಾಕ್ಯ, ಸೇರಿಸುವ ಉಪವಾಕ್ಯ ಎಂದುಕೊಂಡರೆ ಸಾಕು.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಇಲ್ಲಿ ಎಡವುವುದಕ್ಕೆ ನಮ್ಮ ವಾಕ್ಯರಚನೆಯೇ ಕಾರಣ ಎಂಬುದು ನನ್ನ ಅಭಿಪ್ರಾಯ. "ಹಾಳಾದ ಪುಸ್ತಕಗಳನ್ನು ಮಾರಲಾಗುವುದು" ಎಂದು ಬರೆದರೆ ಹಾಳಾದವುಗಳನ್ನಷ್ಟೇ ಮಾರುತ್ತಾರೋ, ಪುಸ್ತಕಗಳೆಲ್ಲ ಹಾಳಾಗಿ ಎಲ್ಲವನ್ನೂ ಮಾರುತ್ತಾರೋ ವಾಕ್ಯದಿಂದ ತಿಳಿಯುವುದಿಲ್ಲ, ಸಂದರ್ಭ ತಿಳಿಸಬೇಕು. ಕನ್ನಡದಲ್ಲಿ ವಿವರಣೆ ನಾಮಪದದ ಹಿಂದೆಯೇ ಬಂದು ಕೂರುತ್ತದೆ. ಅಲ್ಲಿ ಕಾಮಾಗೆ ಜಾಗವೂ ಇಲ್ಲ, ಅದರ ಅಗತ್ಯ ನಮಗೆ ಕಂಡದ್ದೂ ಇಲ್ಲ. ಗೊಂದಲವಾಗಬಹುದು ಎನ್ನಿಸಿದರೆ 'ಹಾಳಾದವನ್ನು ಮಾತ್ರ' ಎನ್ನುತ್ತೇವೆ, ಇಲ್ಲವೇ "ಪುಸ್ತಕಗಳೆಲ್ಲ ಹಾಳಾಗಿವೆ, ಮಾರಿಬಿಡುತ್ತೇವೆ" ಎಂದು ಮಾತನ್ನು ಎರಡು ಮಾಡುತ್ತೇವೆ. ಇಂಗ್ಲಿಷಿನಲ್ಲಿ ವಿವರಣೆ ನಾಮಪದದ ನಂತರ ಬರುತ್ತದೆ, ಆ ಎರಡರ ನಡುವಿನ ಸಂದಿಯಲ್ಲಿ ಕಾಮಾ ಇದೆಯೋ ಇಲ್ಲವೋ ಎಂಬುದೇ ಅರ್ಥವನ್ನು ನಿರ್ಧರಿಸುತ್ತದೆ. ಹಾಗಾಗಿ ಕಾಮಾವನ್ನು ಉಸಿರು ತೆಗೆದುಕೊಳ್ಳುವ ಜಾಗವೆಂದು ಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಆ ಪಾಠ ಅರ್ಧ ಮಾತ್ರ ಒದಗುತ್ತದೆ.

ಅರ್ಧ ಎಂದೆ, ಏಕೆಂದರೆ ದನಿಗೂ ಇದಕ್ಕೂ ನಿಜವಾದ ನಂಟಿದೆ. ಇಂಗ್ಲಿಷ್ ಚೆನ್ನಾಗಿ ಮಾತಾಡುವವರು ಸೇರಿಸುವ ಉಪವಾಕ್ಯ ಬಂದಾಗ ಒಂದು ಕ್ಷಣ ನಿಲ್ಲುತ್ತಾರೆ, ಸಾಮಾನ್ಯವಾಗಿ ಅದನ್ನು ಕೊಂಚ ತಗ್ಗಿದ ದನಿಯಲ್ಲಿ ಹೇಳಿ ಮತ್ತೆ ಮೂಲ ದನಿಗೆ ಮರಳುತ್ತಾರೆ. ಆರಿಸುವ ಉಪವಾಕ್ಯವನ್ನು ನಾಮಪದಕ್ಕೆ ಅಂಟಿಸಿಕೊಂಡೇ ಓದುತ್ತಾರೆ. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಎಷ್ಟೋ ಸಲ ಉತ್ತರ ಕಿವಿಗೇ ಸಿಗುತ್ತದೆ.

ಕಿವಿಯನ್ನು ನಂಬಲಾಗದವರಿಗೆ ಇನ್ನೊಂದು ಪರೀಕ್ಷೆಯಿದೆ. ಉಪವಾಕ್ಯವನ್ನು ಅಳಿಸಿ, ಉಳಿದದ್ದನ್ನು ಓದಿ. ಗ್ರಂಥಾಲಯದ ಸೂಚನೆಯಲ್ಲಿ "ದಿ ಬುಕ್ಸ್ ವಿಲ್ ಬಿ ಸೋಲ್ಡ್" ಎಂದಷ್ಟೇ ಉಳಿದರೆ ಓದುಗರು ಎಲ್ಲ ಪುಸ್ತಕಗಳೂ ಮಾರಾಟಕ್ಕೆ ಎಂದುಕೊಳ್ಳುತ್ತಾರೆ. ಮಂಡಳಿಯ ಉದ್ದೇಶ ಅದಲ್ಲವಾದ್ದರಿಂದ ಉಪವಾಕ್ಯ ಬೇಕೇಬೇಕು, ಕಾಮಾ ಬೇಡ. ಈಗ "ದಿ ಕಾವೇರಿ, ವಿಚ್ ರೈಸಸ್ ಅಟ್ ತಲಕಾವೇರಿ, ಫ್ಲೋಸ್ ಈಸ್ಟ್" ಎಂಬುದನ್ನು ನೋಡಿ. ನಡುವಿನ ತುಂಡನ್ನು ತೆಗೆದರೂ ಯಾವ ನದಿ ಎಂಬ ಪ್ರಶ್ನೆ ಏಳುವುದಿಲ್ಲ. ಹೆಸರು ಹಿಡಿದು ಹೇಳಿದ ಊರು, ನದಿ, ಮನುಷ್ಯರ ಹಿಂದೆ ಬರುವ ಉಪವಾಕ್ಯಕ್ಕೆ ಬಹುಮಟ್ಟಿಗೆ ಕಾಮಾ ಬೇಕಾಗುವುದು ಇದಕ್ಕೇ: ಆರಿಸಲು ಅಲ್ಲಿ ಇನ್ನೊಂದು ಇಲ್ಲ.

ಮನುಷ್ಯರ ಬಗ್ಗೆ ಬರೆಯುವಾಗ ಕಾಮಾದ ಹೊಣೆ ಇನ್ನೂ ಸ್ಪಷ್ಟವಾಗುತ್ತದೆ. ಎರಡೂ ಬಗೆಗೆ 'ಹೂ' ಎಂಬ ಒಂದೇ ಪದ ಸಲ್ಲುವುದರಿಂದ ವ್ಯತ್ಯಾಸ ತೋರಿಸಲು ಬೇರೆ ಪದವಿಲ್ಲ. "ಮೈ ಬ್ರದರ್ ಹೂ ಲಿವ್ಸ್ ಇನ್ ಪುಣೆ" ಎಂದು ಕಾಮಾ ಇಲ್ಲದೆ ಬರೆದವರಿಗೆ ಒಬ್ಬರಿಗಿಂತ ಹೆಚ್ಚು ಸಹೋದರರಿದ್ದಾರೆ ಎಂದು ಓದುಗ ತಿಳಿಯುತ್ತಾನೆ. "ಮೈ ಬ್ರದರ್, ಹೂ ಲಿವ್ಸ್ ಇನ್ ಪುಣೆ," ಎಂದರೆ ಇರುವುದು ಒಬ್ಬನೇ, ಅವನು ಪುಣೆಯಲ್ಲಿದ್ದಾನೆ. ಉಯಿಲಿನಲ್ಲಿ ಇಂಥ ವಾಕ್ಯ ಬಂದರೆ ಆಸ್ತಿ ಯಾರಿಗೆ ಎಂಬ ಜಗಳಕ್ಕೆ ಅಷ್ಟೇ ಸಾಕು.

ಕಾಮಾ ಹಾಕುವುದಾದರೆ ಜೋಡಿಯಾಗಿ ಹಾಕಬೇಕು. "ದಿ ಬುಕ್ಸ್, ವಿಚ್ ಆರ್ ಡ್ಯಾಮೇಜ್ಡ್ ವಿಲ್ ಬಿ ಸೋಲ್ಡ್" ಎಂದು ಒಂದೇ ಹಾಕಿ ಮುಂದೆ ಹೋಗುವುದು ನಮ್ಮ ಕಚೇರಿ ಪತ್ರಗಳಲ್ಲಿ ಕಾಣುವ ತಪ್ಪು. ಉಪವಾಕ್ಯ ಎಲ್ಲಿ ಮುಗಿಯಿತೆಂದು ಓದುಗನಿಗೆ ಗೊತ್ತಾಗದೆ ಅವನು ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಉಪವಾಕ್ಯ ವಾಕ್ಯದ ಕೊನೆಯಲ್ಲೇ ಬಂದರೆ ಎರಡನೆಯ ಕಾಮಾದ ಜಾಗದಲ್ಲಿ ಪೂರ್ಣವಿರಾಮವಿರುತ್ತದೆ.

ಹಾಗಾದರೆ 'ವಿಚ್' ಎಲ್ಲಿ, 'ದ್ಯಾಟ್' ಎಲ್ಲಿ? ಒಂದು ಭಾಗ ಖಚಿತ: ಇಂದಿನ ಇಂಗ್ಲಿಷಿನಲ್ಲಿ ಕಾಮಾಗಳ ನಡುವಿನ ಸೇರಿಸುವ ಉಪವಾಕ್ಯಕ್ಕೆ 'ದ್ಯಾಟ್' ಸಲ್ಲುವುದಿಲ್ಲ, 'ವಿಚ್' ಬೇಕು. ವಾದವಿರುವುದು ಇನ್ನೊಂದು ಭಾಗದಲ್ಲಿ. ಆರಿಸುವ ಉಪವಾಕ್ಯಕ್ಕೆ 'ದ್ಯಾಟ್' ಒಂದೇ ಸರಿ, 'ವಿಚ್' ತಪ್ಪು ಎಂದು ಅಮೆರಿಕದ ಅನೇಕ ಸಂಪಾದಕರು ತಿದ್ದುತ್ತಾರೆ. ಬ್ರಿಟನ್ನಿನಲ್ಲಿ "ದಿ ಬುಕ್ಸ್ ವಿಚ್ ಆರ್ ಡ್ಯಾಮೇಜ್ಡ್" ಎಂದು ಕಾಮಾ ಇಲ್ಲದೆ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ. ನಾವು ಕಲಿತದ್ದು ಬ್ರಿಟಿಷರ ಇಂಗ್ಲಿಷು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಕಾಮಾ ಇಲ್ಲದ, ಆರಿಸುವ 'ವಿಚ್' ಮತ್ತೆ ಮತ್ತೆ ಸಿಗುತ್ತದೆ.

ಈ ಬಿಗಿ ನಿಯಮದ ಬೇರು ಒಬ್ಬ ಇಂಗ್ಲಿಷ್ ನಿಘಂಟುಕಾರನ ಆಸೆಯಲ್ಲಿದೆ. ಹೆನ್ರಿ ವಾಟ್ಸನ್ ಫೌಲರ್ 1926ರಲ್ಲಿ ಆಧುನಿಕ ಇಂಗ್ಲಿಷ್ ಬಳಕೆಯ ನಿಘಂಟನ್ನು ಪ್ರಕಟಿಸಿದ. ಆರಿಸಲು 'ದ್ಯಾಟ್', ಸೇರಿಸಲು 'ವಿಚ್' ಎಂದು ಬರಹಗಾರರು ಒಪ್ಪಿಕೊಂಡರೆ ಭಾಷೆ ಎಷ್ಟು ತಿಳಿಯಾದೀತು ಎಂದು ಅದರಲ್ಲಿ ಬರೆದ. ಆದರೆ ಹೆಚ್ಚಿನ ಬರಹಗಾರರಾಗಲಿ, ಅತ್ಯುತ್ತಮ ಬರಹಗಾರರಾಗಲಿ ಹಾಗೆ ಬರೆಯುತ್ತಿಲ್ಲ ಎಂದು ಅಲ್ಲೇ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಅವನಿಗೆ ಅದೊಂದು ಸಲಹೆ. ಪರ್ಲ್ ಹಾರ್ಬರ್ ದಾಳಿಯ ಮರುದಿನ, 8 ಡಿಸೆಂಬರ್ 1941ರಂದು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಂಸತ್ತಿನಲ್ಲಿ ಆಡಿದ ಪ್ರಸಿದ್ಧ ಮಾತಿನಲ್ಲಿ ಇರುವುದು "ಎ ಡೇಟ್ ವಿಚ್" ಎಂದೇ. 1959ರಲ್ಲಿ ಇ. ಬಿ. ವೈಟ್ ತಮ್ಮ ಗುರು ವಿಲಿಯಂ ಸ್ಟ್ರಂಕ್ ಅವರ ಶೈಲಿ ಕೈಪಿಡಿಯನ್ನು ಪರಿಷ್ಕರಿಸಿ, ಎಚ್ಚರದ ಬರಹಗಾರ ತನ್ನ ಬರಹದಲ್ಲಿ ಇಂಥ 'ವಿಚ್'ಗಳನ್ನು ಹುಡುಕಿ ತೆಗೆಯುತ್ತಾನೆ ಎಂಬ ಅರ್ಥದ ಸಲಹೆ ಕೊಟ್ಟರು. ಆ ಪುಟ್ಟ ಪುಸ್ತಕ ಅಮೆರಿಕದ ಕಾಲೇಜುಗಳನ್ನೆಲ್ಲ ಹೊಕ್ಕಿತು, ಸಲಹೆ ಕಟ್ಟಳೆಯಾಯಿತು.

ಕಟ್ಟಳೆ ಈಗ ಕಂಪ್ಯೂಟರಿಗೂ ಬಂದಿದೆ, ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯ ಇಲ್ಲಿದೆ. ಕಾಮಾ ಇಲ್ಲದ 'ವಿಚ್' ಕಂಡೊಡನೆ ವರ್ಡ್‌ನಂಥ ತಂತ್ರಾಂಶ ಅಡಿಗೆರೆ ಎಳೆದು, ಕಾಮಾ ಸೇರಿಸಿ ಎಂದೋ 'ದ್ಯಾಟ್' ಮಾಡಿ ಎಂದೋ ಸೂಚಿಸುವುದುಂಟು. ನೋಡಲು ಇವು ಒಂದೇ ತಪ್ಪಿಗೆ ಎರಡು ಪರಿಹಾರಗಳಂತಿವೆ. 'ದ್ಯಾಟ್' ಒತ್ತಿದರೆ ಗೆದ್ದಲು ಹಿಡಿದ 200 ಪುಸ್ತಕಗಳು ಮಾರಾಟವಾಗುತ್ತವೆ, ಕಾಮಾ ಒತ್ತಿದರೆ 3,000. ಯಾವುದು ಬೇಕೆಂದು ತಂತ್ರಾಂಶಕ್ಕೆ ಗೊತ್ತಿರಲಾರದು, ಏಕೆಂದರೆ ಉತ್ತರವಿರುವುದು ಕಪಾಟಿನಲ್ಲಿ. ಅವಸರದಲ್ಲಿದ್ದರೆ ಆ 'ವಿಚ್' ಅನ್ನು ಇದ್ದಂತೆಯೇ ಬಿಡುವುದು ಲೇಸು. ಅಮೆರಿಕದ ಓದುಗನಿಗೆ ಅದು ಸ್ವಲ್ಪ ಹಳೆಯದಾಗಿ ಕೇಳಬಹುದು, ಅರ್ಥ ಮಾತ್ರ ಕೆಡುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಉಪವಾಕ್ಯ ಆರಿಸುತ್ತದೆಯೋ ಸೇರಿಸುತ್ತದೆಯೋ ಎಂಬುದನ್ನು ಕಾಮಾ ಹೇಳುತ್ತದೆ; ಅದು ಯಾವ ನಾಮಪದಕ್ಕೆ ಸೇರಿದ್ದು ಎಂಬುದನ್ನು ಹೇಳದೆ ಹೋಗಬಹುದು. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ 2003ರಲ್ಲಿ ಬಂದ ಬಾರ್ನ್‌ಹಾರ್ಟ್ ಮತ್ತು ಥಾಮಸ್ ಪ್ರಕರಣ ಇಂಥದ್ದು. ಪಾಲಿನ್ ಥಾಮಸ್ ಲಿಫ್ಟ್ ನಡೆಸುವ ಕೆಲಸದಲ್ಲಿದ್ದರು. 1995ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿದರು. ಮರುವರ್ಷ ಅವರು ಅನಾರೋಗ್ಯದ ಕಾರಣ ಹೇಳಿ ಸರ್ಕಾರದ ಅಂಗವೈಕಲ್ಯ ಭತ್ಯೆಗೆ ಅರ್ಜಿ ಹಾಕಿದರು. ಲಿಫ್ಟ್ ನಡೆಸುವಷ್ಟು ಶಕ್ತಿ ಈಗಲೂ ನಿಮಗಿದೆ ಎಂದು ಅರ್ಜಿ ತಿರಸ್ಕೃತವಾಯಿತು. ಆ ಕೆಲಸವೇ ದೇಶದಲ್ಲಿ ಹೆಚ್ಚೂಕಡಿಮೆ ಇಲ್ಲವಾಗಿದೆಯಲ್ಲ ಎಂಬುದು ಅವರ ವಾದ.

ಕಾನೂನಿನ ವಾಕ್ಯ ಹೀಗಿತ್ತು: ಅರ್ಜಿದಾರರು ತಮ್ಮ ಹಿಂದಿನ ಕೆಲಸ ಮಾಡಲು ಅಶಕ್ತರಾಗಿರಬೇಕು, ಅಷ್ಟೇ ಅಲ್ಲದೆ "ಎನಿ ಅದರ್ ಕೈಂಡ್ ಆಫ್ ಸಬ್‌ಸ್ಟ್ಯಾನ್ಷಿಯಲ್ ಗೇನ್‌ಫುಲ್ ವರ್ಕ್ ವಿಚ್ ಎಕ್ಸಿಸ್ಟ್ಸ್ ಇನ್ ದಿ ನ್ಯಾಷನಲ್ ಎಕಾನಮಿ" ಮಾಡಲೂ ಆಗದಂತಿರಬೇಕು. 'ವಿಚ್' ಹಿಂದೆ ಕಾಮಾ ಇಲ್ಲ, ಹಾಗಾಗಿ ಅದು ಆರಿಸುವ ಉಪವಾಕ್ಯ: ದೇಶದಲ್ಲಿ ಇಂದು ಇರುವಂಥ ಕೆಲಸ. ಈ ಷರತ್ತು 'ಬೇರೆ ಕೆಲಸ'ಕ್ಕೆ ಮಾತ್ರವೋ, ಅದಕ್ಕೂ ಮೊದಲು ಬಂದ 'ಹಿಂದಿನ ಕೆಲಸ'ಕ್ಕೂ ಅನ್ವಯವೋ? ಹಿಂದಿನ ಕೆಲಸಕ್ಕೂ ಎಂದು ಕೆಳಗಿನ ಮೇಲ್ಮನವಿ ನ್ಯಾಯಾಲಯ ಓದಿ ಥಾಮಸ್ ಪರ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಇಂಥ ಉಪವಾಕ್ಯ ಸಾಮಾನ್ಯವಾಗಿ ತನಗೆ ತೀರ ಹತ್ತಿರದ ಪದವನ್ನೇ ಹಿಡಿಯುತ್ತದೆ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಬರೆದರು. ತಂದೆತಾಯಿ ಊರಿಗೆ ಹೊರಟಾಗ ಮಗನಿಗೆ, ಪಾರ್ಟಿ ಮಾಡಿದರೂ ಮನೆಗೆ ಹಾನಿಯಾಗುವ ಬೇರೆ ಯಾವ ಕೆಲಸ ಮಾಡಿದರೂ ಶಿಕ್ಷೆ ಎಂದು ಹೇಳಿದ್ದರೆ, ಮನೆಗೆ ಹಾನಿಯಾಗದ ಪಾರ್ಟಿ ಮಾಡಿದ ಮಗನೂ ತಪ್ಪಿಸಿಕೊಳ್ಳಲಾರ ಎಂಬ ಉದಾಹರಣೆಯನ್ನು ಅವರು ಕೊಟ್ಟರು.

'ವಿಚ್' ಹಿಂದೆ ಒಂದು ಕಾಮಾ ಇದ್ದಿದ್ದರೆ ಥಾಮಸ್ ವಾದಕ್ಕೆ ಬಲ ಬರುತ್ತಿತ್ತು. ಪಟ್ಟಿಯ ಕೊನೆಯ ಷರತ್ತಿನ ಹಿಂದೆ ಕಾಮಾ ಇದ್ದರೆ ಅದು ಹಿಂದಿನ ಎಲ್ಲಕ್ಕೂ ಅನ್ವಯಿಸುತ್ತದೆ ಎಂದು ಓದುವ ವಾಡಿಕೆ ಅಮೆರಿಕದ ನ್ಯಾಯಾಲಯಗಳಲ್ಲಿದೆ. ಆದರೆ ಅದೇ ಕಾಮಾ ಉಪವಾಕ್ಯವನ್ನು ಸೇರಿಸುವ ಬಗೆಗೆ ತಿರುಗಿಸಿ, ಎಲ್ಲ ಕೆಲಸಗಳೂ ದೇಶದಲ್ಲಿ ಇದ್ದೇ ಇವೆ ಎಂಬ ಅರ್ಥಕ್ಕೂ ದಾರಿ ಮಾಡುತ್ತಿತ್ತು. ಷರತ್ತು ಎರಡಕ್ಕೂ ಬೇಕಿದ್ದರೆ ಅದನ್ನು ಎರಡು ಕಡೆಯೂ ಬರೆಯಬೇಕಿತ್ತು, ಬೇಡವಾಗಿದ್ದರೆ ಹಿಂದಿನ ಕೆಲಸದ ಮಾತನ್ನು ಪ್ರತ್ಯೇಕ ವಾಕ್ಯದಲ್ಲಿ ಮುಗಿಸಿ ಪೂರ್ಣವಿರಾಮ ಇಡಬೇಕಿತ್ತು.