ಆರನೇ ತಾರೀಕೋ, ಮಂಗಳವಾರವೋ?

ಹಬ್ಬದ ಮುಂಚೆ ಬರುವ ರಜೆಯ ಮೇಲ್ ಸಾಮಾನ್ಯವಾಗಿ ಹತ್ತು ಸಾಲು ದಾಟುವುದಿಲ್ಲ. ಟೀಮ್ ಲೀಡ್ ಎರಡು ಮೀಟಿಂಗ್‌ಗಳ ನಡುವೆ ಅದನ್ನು ಬರೆದು, ‘ಕಳಿಸೋ ಮುಂಚೆ ಒಂದ್ಸಲ ನೋಡಿಬಿಡಿ’ ಎಂದು ಪಕ್ಕದವರಿಗೆ ಕೊಡುತ್ತಾರೆ. ಅವರು ಕಾಗುಣಿತ ತಿದ್ದಿ, ಎರಡು ಅಲ್ಪವಿರಾಮ ಹಾಕಿ ಹಿಂದಿರುಗಿಸುತ್ತಾರೆ. ಆದರೆ ಇಂಥ ಮೇಲ್‌ನಲ್ಲಿ ಜನರಿಗೆ ತೊಂದರೆ ಕೊಡುವ ತಪ್ಪುಗಳು ಕಾಗುಣಿತದಲ್ಲಿರುವುದು ಅಪರೂಪ. ಅವು ತಾರೀಕಿನಲ್ಲಿ, ವಾರದ ಹೆಸರಿನಲ್ಲಿ, ‘ಮುಂದಿನ’, ‘ಇದಕ್ಕೆ’ ಎಂಬಂಥ ಸಾದಾ ಪದಗಳಲ್ಲಿ ಅಡಗಿರುತ್ತವೆ.

ಒಂದು ಕರಡನ್ನೇ ಮುಂದಿಟ್ಟುಕೊಂಡು ನೋಡೋಣ. ಮೇಲ್ ಉದಾಹರಣೆಗೆಂದು ಬರೆದದ್ದು, ದಿನಗಳು ಮಾತ್ರ 2025ರ ದಸರೆಯವು. ಆ ವರ್ಷ ಆಯುಧಪೂಜೆ ಅಕ್ಟೋಬರ್ 1, ಬುಧವಾರ ಬಂತು. ವಿಜಯದಶಮಿ ಮತ್ತು ಗಾಂಧಿ ಜಯಂತಿ ಎರಡೂ 2ನೇ ತಾರೀಕು, ಗುರುವಾರ ಕೂಡಿ ಬಂದವು. ಬೆಂಗಳೂರಿನ ಒಂದು ಕಚೇರಿ ಶುಕ್ರವಾರವೂ ಬಾಗಿಲು ಹಾಕಿ, ಆ ಒಂದು ದಿನದ ಕೆಲಸವನ್ನು ಒಂದು ಶನಿವಾರ ಮಾಡಿಸಲು ತೀರ್ಮಾನಿಸಿದೆ ಎಂದುಕೊಳ್ಳಿ. ಸೆಪ್ಟೆಂಬರ್ 25ರಂದು ಟೀಮ್ ಲೀಡ್ ಹೀಗೆ ಬರೆಯುತ್ತಾರೆ:

“ವಿಷಯ: ರಜೆ. ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಬದಲಾವಣೆ ಆಗಿದೆ. ಅಕ್ಟೋಬರ್ 1ರಿಂದ 3ರವರೆಗೆ ಕಚೇರಿ ಇರುವುದಿಲ್ಲ. ಅಕ್ಟೋಬರ್ 6, ಮಂಗಳವಾರ ಎಂದಿನಂತೆ ಬರಬೇಕು. ಇದಕ್ಕೆ ಬದಲಾಗಿ ಮುಂದಿನ ಶನಿವಾರ ಕೆಲಸ ಇರುತ್ತದೆ. ಈಗಾಗಲೇ ರಜೆ ಹಾಕಿರುವವರು ಸರಿಪಡಿಸಿಕೊಳ್ಳಿ.”

ಕಾಗುಣಿತದ ತಪ್ಪು ಒಂದೂ ಇಲ್ಲ. ಕಂಪ್ಯೂಟರಿನ ಸ್ಪೆಲ್ ಚೆಕ್‌ಗೆ ಕೊಟ್ಟರೆ ಕೆಂಪು ಗೆರೆ ಬೀಳುವುದಿಲ್ಲ. ಆದರೂ ಈ ಮೇಲ್ ಹೀಗೇ ಹೋಗಬಾರದು.

ಮೊದಲ ಕೆಲಸ, ಕ್ಯಾಲೆಂಡರ್ ತೆರೆದಿಟ್ಟುಕೊಂಡು ಪ್ರತಿ ತಾರೀಕಿಗೂ ವಾರ ತಾಳೆ ನೋಡುವುದು. ನೆನಪಿನಿಂದ ನೋಡಿದರೆ ಸಾಲದು. ಸಾಲು ಸರಾಗವಾಗಿ ಓದಿಸಿಕೊಂಡು ಹೋದಾಗ ಕಣ್ಣು ಸಂಖ್ಯೆಯನ್ನು ನಂಬಿ ಮುಂದೆ ಸಾಗಿಬಿಡುತ್ತದೆ. ತಾಳೆ ನೋಡಿದಾಗ ಗೊತ್ತಾಗುತ್ತದೆ: 2025ರ ಅಕ್ಟೋಬರ್ 6 ಸೋಮವಾರ. ಈಗ ಮೇಲ್ ನೋಡುತ್ತಿರುವವರ ಕೈ ತಡೆಯಬೇಕಾದ ಜಾಗ ಇದೇ. ‘ಮಂಗಳವಾರ’ವನ್ನು ‘ಸೋಮವಾರ’ ಎಂದು ತಿದ್ದಿ ಸುಮ್ಮನಾಗುವುದು ಸುಲಭ. ಆದರೆ ಲೀಡ್ ಮನಸ್ಸಿನಲ್ಲಿದ್ದದ್ದು 7ನೇ ತಾರೀಕು ಮಂಗಳವಾರವೇ ಆಗಿರಬಹುದು. ಎರಡರಲ್ಲಿ ಯಾವುದು ತಪ್ಪು ಎಂಬುದನ್ನು ಬರೆದವರು ಮಾತ್ರ ಹೇಳಬಲ್ಲರು. ಭಾಷೆಯ ತಪ್ಪನ್ನು ನಾವೇ ತಿದ್ದಬಹುದು, ಸಂಗತಿಯ ತಪ್ಪನ್ನು ಕೇಳಿಯೇ ತಿದ್ದಬೇಕು. ಊಹಿಸಿ ತಿದ್ದಿದರೆ ಎದ್ದು ಕಾಣುತ್ತಿದ್ದ ತಪ್ಪು ಕಾಣದ ತಪ್ಪಾಗಿಬಿಡಬಹುದು. ಶಿವಮೊಗ್ಗಕ್ಕೋ ಮಂಗಳೂರಿಗೋ ಹಬ್ಬಕ್ಕೆ ಹೋದವರು ವಾಪಸ್ ಬರುವ ಬಸ್ಸಿನ ಟಿಕೆಟನ್ನು ಇದೇ ಸಾಲು ನಂಬಿ ಮಾಡಿಸುತ್ತಾರೆ. ತಾರೀಕು ನೋಡಿದವರು ಭಾನುವಾರ ರಾತ್ರಿಯ ಬಸ್ ಹತ್ತುತ್ತಾರೆ, ವಾರ ನೋಡಿದವರು ಸೋಮವಾರ ರಾತ್ರಿಯ ಬಸ್ ಹತ್ತುತ್ತಾರೆ.

ಎರಡನೆಯದು ‘ಮುಂದಿನ ಶನಿವಾರ’. ಸೆಪ್ಟೆಂಬರ್ 25 ಗುರುವಾರ. ಅವತ್ತೇ ಓದಿದವರಿಗೆ ಮುಂದಿನ ಶನಿವಾರ ಎಂದರೆ 27 ಆಗಬಹುದು, ‘ಈ ಶನಿವಾರ ಬಿಟ್ಟು ಮುಂದಿನದು’ ಎಂದುಕೊಂಡವರಿಗೆ ಅಕ್ಟೋಬರ್ 4 ಆಗಬಹುದು. ಕಚೇರಿಯ ಲೆಕ್ಕದಲ್ಲಿದ್ದದ್ದು ರಜೆಯೆಲ್ಲ ಮುಗಿದ ಮೇಲಿನ 11ನೇ ತಾರೀಕು. ‘ಮುಂದಿನ’, ‘ನಾಳಿದ್ದು’, ‘ಈ ವಾರ’ ಎಂಬ ಪದಗಳ ಅರ್ಥ ಮೇಲ್ ಓದಿದ ದಿನದ ಮೇಲೆ ನಿಂತಿರುತ್ತದೆ. ಓದುವವರೋ ಬೇರೆ ಬೇರೆ ದಿನ ಓದುತ್ತಾರೆ. ಆದ್ದರಿಂದ ಇಂಥ ಪದ ಕಂಡಲ್ಲೆಲ್ಲ ತಾರೀಕು, ತಿಂಗಳು, ವಾರ ಮೂರನ್ನೂ ಬರೆಸಬೇಕು. ತಂಡದಲ್ಲಿ ಅಮೆರಿಕದವರೂ ಇದ್ದರೆ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಬೇಕು. 3/10 ಎಂದರೆ ನಮಗೆ ಅಕ್ಟೋಬರ್ 3, ಅವರಿಗೆ ಮಾರ್ಚ್ 10.

ಅದೇ ಸಾಲಿನ ‘ಇದಕ್ಕೆ’ ಇನ್ನೂ ದೊಡ್ಡ ತೊಡಕು. ಯಾವುದಕ್ಕೆ ಬದಲಾಗಿ? ಮೂರು ದಿನದ ರಜೆಗೋ, ಶುಕ್ರವಾರದ ಒಂದು ದಿನಕ್ಕೋ? ಹಬ್ಬದ ರಜೆಗೂ ಬದಲಿ ಕೆಲಸ ಕೇಳುತ್ತಿದ್ದಾರೆ ಎಂದು ಯಾರಾದರೂ ಓದಿಕೊಂಡರೆ ವಿಷಯ ಎಚ್‌.ಆರ್‌.ವರೆಗೆ ಹೋಗುತ್ತದೆ. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ 1963ರ ಕಾಯ್ದೆಯೇ ಇದೆ. ಜನವರಿ 26, ಮೇ 1, ಆಗಸ್ಟ್ 15, ನವೆಂಬರ್ 1ರ ಜೊತೆಗೆ ಅಕ್ಟೋಬರ್ 2 ಕೂಡ ಅದರಲ್ಲಿ ಹೆಸರಿಸಿದ ರಜೆ. ಆ ದಿನವನ್ನು ಟೀಮ್ ಲೀಡ್ ತಾವಾಗಿ ಅತ್ತಿತ್ತ ಸರಿಸುವಂತಿಲ್ಲ. ಆದ್ದರಿಂದ ಮೇಲ್‌ನಲ್ಲಿ ಹಬ್ಬದ ಎರಡು ದಿನ ಬೇರೆ, ಕಚೇರಿ ತಾನಾಗಿ ಮುಚ್ಚುವ ಶುಕ್ರವಾರ ಬೇರೆ ಎಂದು ಬಿಡಿಸಿ ಹೇಳಬೇಕು.

ಇನ್ನು ‘ಕಚೇರಿ ಇರುವುದಿಲ್ಲ’. ಕಟ್ಟಡಕ್ಕೆ ಬೀಗ, ಮನೆಯಿಂದ ಕೆಲಸ ಮಾಡಿ ಎಂದೂ ಇದನ್ನು ಓದಬಹುದು. ಕೆಲಸಕ್ಕೇ ರಜೆ ಎಂದರೆ ಹಾಗೆಯೇ ಬರೆಯಬೇಕು. ಈ ಹಂತದಲ್ಲಿ ಮೇಲ್ ತಲುಪುವ ಪ್ರತಿಯೊಬ್ಬರ ಜಾಗದಲ್ಲಿ ಕುಳಿತು ಒಮ್ಮೆ ಓದುವುದು ಒಳ್ಳೆಯದು. ಸೆಪ್ಟೆಂಬರ್ 30ರ ರಾತ್ರಿ ಹತ್ತಕ್ಕೆ ಶಿಫ್ಟ್‌ಗೆ ಬಂದವರು 1ನೇ ತಾರೀಕು ಬೆಳಗ್ಗೆವರೆಗೆ ಇರಬೇಕೋ, ಹನ್ನೆರಡಕ್ಕೇ ಎದ್ದು ಹೋಗಬಹುದೋ? 3ನೇ ತಾರೀಕಿಗೆ ಆಗಲೇ ಸ್ವಂತ ರಜೆ ಹಾಕಿದವರ ಖಾತೆಗೆ ಆ ದಿನ ತಾನಾಗಿ ವಾಪಸ್ ಬರುತ್ತದೋ, ಅವರೇ ರದ್ದು ಮಾಡಬೇಕೋ? ಶನಿವಾರ ಕಚೇರಿಯ ಕ್ಯಾಬ್ ಬರುತ್ತದೋ? ‘ಸರಿಪಡಿಸಿಕೊಳ್ಳಿ’ ಎಂಬ ಒಂದು ಮಾತು ಇವರಾರಿಗೂ ಉತ್ತರ ಕೊಡುವುದಿಲ್ಲ.

ಈ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಬರೆದು ಲೀಡ್‌ಗೆ ಕಳಿಸಬೇಕು. ಒಂದೊಂದಾಗಿ ಕೇಳುತ್ತ ಹೋದರೆ ಅವರೂ ಬೇಸರಗೊಂಡು ‘ಹಾಗೇ ಕಳಿಸಿಬಿಡಿ’ ಎಂದುಬಿಡುತ್ತಾರೆ. ಉತ್ತರ ಬಂದ ಮೇಲೆ ಮೇಲ್ ಹೀಗೆ ನಿಲ್ಲುತ್ತದೆ:

“ವಿಷಯ: ಪರಿಷ್ಕೃತ ದಸರಾ ರಜೆ – ಅಕ್ಟೋಬರ್ 3 ರಜೆ, ಅಕ್ಟೋಬರ್ 11 ಕೆಲಸದ ದಿನ.

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಕಳಿಸಿದ ರಜೆಯ ಪಟ್ಟಿಯಲ್ಲಿ ಎರಡು ಬದಲಾವಣೆಗಳಿವೆ. ಅಕ್ಟೋಬರ್ 3, ಶುಕ್ರವಾರ ಎಲ್ಲರಿಗೂ ರಜೆ, ಮನೆಯಿಂದಲೂ ಕೆಲಸ ಇರುವುದಿಲ್ಲ. ಆ ಒಂದು ದಿನಕ್ಕೆ ಬದಲಾಗಿ ಅಕ್ಟೋಬರ್ 11, ಶನಿವಾರ ಕೆಲಸ ಇರುತ್ತದೆ, ಕ್ಯಾಬ್ ಎಂದಿನ ಸಮಯಕ್ಕೆ ಬರುತ್ತದೆ.

ಅಕ್ಟೋಬರ್ 1, ಬುಧವಾರ ಮತ್ತು 2, ಗುರುವಾರದ ರಜೆಗಳಲ್ಲಿ ಬದಲಾವಣೆ ಇಲ್ಲ. ಸೆಪ್ಟೆಂಬರ್ 30ರ ರಾತ್ರಿ ಶಿಫ್ಟ್ ಮರುದಿನ ಬೆಳಗ್ಗೆ 6ಕ್ಕೆ ಮುಗಿಯುತ್ತದೆ. ಕಚೇರಿ ಮತ್ತೆ ತೆರೆಯುವುದು ಅಕ್ಟೋಬರ್ 6, ಸೋಮವಾರ.

3ನೇ ತಾರೀಕಿಗೆ ರಜೆ ಹಾಕಿದ್ದವರು ಸೆಪ್ಟೆಂಬರ್ 29, ಸೋಮವಾರದೊಳಗೆ ಅದನ್ನು ರದ್ದು ಮಾಡಿ, ಆ ದಿನ ನಿಮ್ಮ ಖಾತೆಗೆ ಮರಳುತ್ತದೆ.”

ಕರಡಿಗಿಂತ ಇದು ಉದ್ದವಾಗಿದೆ, ಆದರೆ ಒಂದೊಂದು ಸಾಲೂ ಯಾರೋ ಕೇಳಬೇಕಾಗಿದ್ದ ಪ್ರಶ್ನೆಗೆ ಉತ್ತರ. ಬದಲಾದದ್ದು ಮೊದಲು ಬಂದು, ಬದಲಾಗದ್ದು ಆಮೇಲೆ ಬಂದಿದೆ. ಹಳೆಯ ಪಟ್ಟಿ ಇನ್ನೂ ಎಲ್ಲರ ಬಳಿ ಇರುವಾಗ ಈ ವಿಂಗಡಣೆ ಇಲ್ಲದಿದ್ದರೆ ಯಾವುದನ್ನು ನಂಬಬೇಕೆಂದು ತಿಳಿಯುವುದಿಲ್ಲ. ಎರಡು ಮುಖ್ಯ ತಾರೀಕುಗಳು ವಿಷಯದ ಸಾಲಿನಲ್ಲೇ ಇರುವುದರಿಂದ ಮೊಬೈಲಿನಲ್ಲಿ ಮೇಲ್ ತೆರೆಯದವರಿಗೂ ಸುದ್ದಿ ತಲುಪುತ್ತದೆ. ತಿದ್ದುವಾಗ ಹೊಸ ತಪ್ಪು ನುಸುಳುವುದುಂಟು, ಹಾಗಾಗಿ ಕಳಿಸುವ ಮುಂಚೆ ತಾರೀಕುಗಳನ್ನಷ್ಟೇ ಮತ್ತೊಮ್ಮೆ ಕ್ಯಾಲೆಂಡರ್ ಜೊತೆ ಹಿಡಿದು ನೋಡಬೇಕು.

ಕಳಿಸಿದ ಮೇಲೂ ಸ್ವಲ್ಪ ಕೆಲಸ ಉಳಿದಿರುತ್ತದೆ. ಒಬ್ಬರು ಬಂದು ಕೇಳಿದರೆ ಅವರು ಸರಿಯಾಗಿ ಓದಿಲ್ಲದಿರಬಹುದು. ಮೂರು ಜನ ಒಂದೇ ಪ್ರಶ್ನೆ ಕೇಳಿದರೆ ಆ ಸಾಲೇ ಸರಿಯಿಲ್ಲ. ಆಗ ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು, ಆ ಸಾಲು ಸರಿಮಾಡಿ, ವಿಷಯದಲ್ಲಿ ‘ತಿದ್ದುಪಡಿ’ ಎಂದು ಸೇರಿಸಿ, ಇಡೀ ಮೇಲನ್ನು ಎಲ್ಲರಿಗೂ ಮತ್ತೆ ಕಳಿಸಬೇಕು.